ಕೆಪಾಸಿಟರ್ ಡಿಸಿಯನ್ನು ಬಿಡುವುದಿಲ್ಲ ಅಂತಾರೆ, ಹಾಗಾದರೆ ನನ್ನ ಮೀಟರ್ 9 ವೋಲ್ಟ್ ತೋರಿಸಿದ್ದು ಯಾಕೆ?

ಮೂರನೇ ಬೆಂಚು

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ ಇದು.

9 ವೋಲ್ಟ್ ಬ್ಯಾಟರಿಯ ಪ್ಲಸ್‌ಗೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರಿನ ಒಂದು ಕಾಲು ಜೋಡಿಸಿದೆ. ಇನ್ನೊಂದು ಕಾಲಿಗೆ ಮೀಟರಿನ ಕೆಂಪು ವೈರು, ಕಪ್ಪು ವೈರು ಬ್ಯಾಟರಿಯ ಮೈನಸ್‌ಗೆ. ಮೀಟರ್ ಡಿಸಿ ವೋಲ್ಟ್ ರೇಂಜಿನಲ್ಲಿದೆ. ಡಿಸಿ ದಾಟುವುದಿಲ್ಲ ಎಂದಮೇಲೆ ಸೊನ್ನೆ ಬರಬೇಕಿತ್ತು. ಆದರೆ ಮುಟ್ಟಿಸಿದ ತಕ್ಷಣ ಹತ್ತಿರ ಹತ್ತಿರ 9 ಬಂತು! ಆಮೇಲೆ ತಾನಾಗಿಯೇ ಇಳಿಯತೊಡಗಿತು. ಮೊಬೈಲಿನಲ್ಲಿ ಸಮಯ ಇಟ್ಟು ನೋಡಿದೆ: 10 ಸೆಕೆಂಡಿಗೆ 3.3, 20ಕ್ಕೆ 1.2, ಅರ್ಧ ನಿಮಿಷಕ್ಕೆ 0.45. ಒಂದು ನಿಮಿಷ ಆಗುವಷ್ಟರಲ್ಲಿ 0.02.

ಇನ್ನೂ ವಿಚಿತ್ರ ಅಂದರೆ, ಬ್ಯಾಟರಿ ತೆಗೆದು ಮತ್ತೆ ಜೋಡಿಸಿದರೆ ಈಗ ಏನೂ ಬರುವುದಿಲ್ಲ, ಸೊನ್ನೆಯೇ. ಕೆಪಾಸಿಟರಿನ ಎರಡೂ ಕಾಲನ್ನು ಒಂದು ತಂತಿಯಿಂದ ಮುಟ್ಟಿಸಿ ಮತ್ತೆ ಜೋಡಿಸಿದರೆ ಪುನಃ 9ರಿಂದ ಶುರು.

ಜೊತೆಗೆ ಇನ್ನೊಂದು. ಫ್ರೀಕ್ವೆನ್ಸಿ ಏರಿದ ಹಾಗೆ ಕೆಪಾಸಿಟರಿನ ತಡೆ ಕಡಿಮೆಯಾಗುತ್ತದೆ ಎಂದು ಓದಿದ್ದೇನೆ. ಒಳಗೆ ಇರುವುದು ಪ್ಲಾಸ್ಟಿಕ್ ಹಾಳೆ ತಾನೇ? ವೇಗ ಹೆಚ್ಚಾದರೆ ಪ್ಲಾಸ್ಟಿಕ್ಕಿನಲ್ಲೂ ಕರೆಂಟು ಹರಿಯಲು ಶುರುವಾಗುತ್ತದಾ?

ತಂತಿ ಬೇಲಿ

ಕೆಪಾಸಿಟರ್ ಲೀಕ್ ಆಗಿದೆ. ಒಳ್ಳೆಯದಾಗಿದ್ದರೆ ಮೊದಲಿನಿಂದಲೇ ಸೊನ್ನೆ ಇರುತ್ತಿತ್ತು. ಬೇರೆ ಹಾಕಿ ನೋಡಿ. ನನ್ನ ಹತ್ತಿರವೂ ಇಂಥವು ಎರಡು ಮೂರು ಇವೆ.

ಸೂತ್ರಧಾರ

ಇದಕ್ಕೆ ಅಷ್ಟೊಂದು ಯೋಚನೆ ಬೇಡ. ಸೂತ್ರ ಇದು:

```
Xc = 1 / (2πfC)
```

ಡಿಸಿ ಎಂದರೆ f ಸೊನ್ನೆ. ಛೇದದಲ್ಲಿ ಸೊನ್ನೆ ಬಂದರೆ Xc ಅನಂತ. ಅನಂತ ತಡೆ ಇದ್ದಮೇಲೆ ಕರೆಂಟು ಇಲ್ಲ. f ಏರಿದರೆ Xc ಇಳಿಯುತ್ತದೆ. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಮೊದಲು ಕಂಡ 9 ವೋಲ್ಟು ಮೀಟರ್ ನೆಲೆಗೊಳ್ಳುವ ಮುಂಚಿನ ಗೊಂದಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮೂರನೇ ಬೆಂಚು

ಸೂತ್ರ ನನಗೂ ಗೊತ್ತು ಸರ್. f ಸೊನ್ನೆ ಆದರೆ ಅನಂತ ಅನ್ನುವುದು ಲೆಕ್ಕ. ನಾನು ಕೇಳುತ್ತಿರುವುದು ಒಳಗೆ ಏನು ನಡೆಯುತ್ತದೆ ಅಂತ. ಮತ್ತೆ ಮೀಟರಿನ ಗೊಂದಲ ಅರ್ಧ ನಿಮಿಷ ಇರುತ್ತದೆಯೇ? ಬೇರೆ ಎಲ್ಲ ಕಡೆ ಅದು ಒಂದೇ ಸೆಕೆಂಡಿನಲ್ಲಿ ನಿಲ್ಲುತ್ತದೆ.

ಹಳೇ ರೇಡಿಯೋ

ಆ ಅರ್ಧ ನಿಮಿಷವನ್ನು ದಯವಿಟ್ಟು ಲೆಕ್ಕದಿಂದ ಬಿಡಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಅದರಲ್ಲಿ. ನಿಮ್ಮ ಕೆಪಾಸಿಟರ್ ಚೆನ್ನಾಗಿದೆ, ಮೀಟರ್ ಚೆನ್ನಾಗಿದೆ, ನೀವು ಬರೆದುಕೊಂಡ ಅಂಕಿಗಳಂತೂ ಅಚ್ಚುಕಟ್ಟಾಗಿವೆ.

ಸಾಮಾನ್ಯ ಡಿಜಿಟಲ್ ಮೀಟರ್ ಡಿಸಿ ವೋಲ್ಟ್ ಅಳೆಯುವಾಗ 10 ಮೆಗಾ ಓಮ್‌ನ ರೆಸಿಸ್ಟರ್ ಇದ್ದ ಹಾಗೆ. ಅಂದರೆ ನೀವು ಕಟ್ಟಿದ್ದು ಬ್ಯಾಟರಿ, 1 ಮೈಕ್ರೋಫ್ಯಾರಡ್, 10 ಮೆಗಾ ಓಮ್, ಮೂರೂ ಒಂದೇ ಸಾಲಿನಲ್ಲಿ.

ಜೋಡಿಸಿದ ಕ್ಷಣದಲ್ಲಿ ಕೆಪಾಸಿಟರ್ ಖಾಲಿ, ಅದರ ಎರಡು ಕಾಲುಗಳ ನಡುವೆ ವೋಲ್ಟೇಜೇ ಇಲ್ಲ. ಹಾಗಾಗಿ ಬ್ಯಾಟರಿಯ 9 ವೋಲ್ಟೂ ಮೀಟರಿನ ಮೇಲೆ ಬೀಳುತ್ತದೆ. 10 ಮೆಗಾ ಓಮ್‌ನಲ್ಲಿ 0.9 ಮೈಕ್ರೋಆಂಪಿಯರ್ ಹರಿಯುತ್ತದೆ. ಈ ಕರೆಂಟು ಪ್ಲಾಸ್ಟಿಕ್ಕನ್ನು ದಾಟಿ ಬಂದದ್ದಲ್ಲ. ಒಂದು ಪ್ಲೇಟಿನಿಂದ ಎಲೆಕ್ಟ್ರಾನ್‌ಗಳನ್ನು ಬ್ಯಾಟರಿ ಎಳೆದುಕೊಳ್ಳುತ್ತದೆ, ಅಷ್ಟೇ ಎಲೆಕ್ಟ್ರಾನ್‌ಗಳು ಮೀಟರಿನ ಮೂಲಕ ಹಾದು ಇನ್ನೊಂದು ಪ್ಲೇಟಿಗೆ ಬಂದು ಕೂರುತ್ತವೆ. ತಂತಿಯಲ್ಲಿ ನಿಂತು ನೋಡುವವರಿಗೆ ಸರ್ಕ್ಯೂಟ್ ಪೂರ್ತಿಯಾದಂತೆಯೇ ಕಾಣುತ್ತದೆ. ಆದರೆ ನಡುವಿನ ಹಾಳೆಯನ್ನು ಒಂದೂ ದಾಟಿಲ್ಲ.

ಹೀಗೆ ಕೂತ ಚಾರ್ಜಿಗೆ ತನ್ನದೇ ವೋಲ್ಟೇಜ್ ಇದೆ, ಅದು ಬ್ಯಾಟರಿಗೆ ಎದುರಾಗಿ ತಳ್ಳುತ್ತದೆ. ಕೆಪಾಸಿಟರಿನ ಮೇಲೆ 3 ವೋಲ್ಟ್ ಏರಿದಾಗ ಮೀಟರಿಗೆ ಉಳಿಯುವುದು 6. ಕೆಪಾಸಿಟರ್ 9 ಮುಟ್ಟಿದಾಗ ಮೀಟರಿಗೆ ಏನೂ ಉಳಿಯುವುದಿಲ್ಲ, ತಳ್ಳುವವರು ಇಲ್ಲದೆ ಕರೆಂಟು ನಿಲ್ಲುತ್ತದೆ. ಇಡೀ ಹೊತ್ತಿನಲ್ಲಿ ಹರಿದದ್ದು 9 ಮೈಕ್ರೋಕೂಲಂಬ್, ಅಷ್ಟೇ. ನೀವು ಬ್ಯಾಟರಿ ತೆಗೆದಾಗಲೂ ಆ 9 ವೋಲ್ಟ್ ಕೆಪಾಸಿಟರಿನಲ್ಲೇ ಉಳಿದಿತ್ತು. ಅದಕ್ಕೇ ಮತ್ತೆ ಜೋಡಿಸಿದಾಗ ಸೊನ್ನೆ. ತಂತಿ ಮುಟ್ಟಿಸಿ ಖಾಲಿ ಮಾಡಿದಿರಿ, ಮತ್ತೆ ಶುರುವಾಯಿತು.

10 ಮೆಗಾ ಓಮನ್ನು 1 ಮೈಕ್ರೋಫ್ಯಾರಡ್‌ನಿಂದ ಗುಣಿಸಿ, 10 ಸೆಕೆಂಡ್ ಬರುತ್ತದೆ. ಪ್ರತಿ 10 ಸೆಕೆಂಡಿಗೆ ಮೀಟರಿನ ಅಂಕಿ ಹಿಂದಿನದರ ಸುಮಾರು 37 ಶೇಕಡಾಕ್ಕೆ ಇಳಿಯಬೇಕು. 9, 3.3, 1.2, 0.45. ನೀವೇ ಬರೆದಿದ್ದೀರಿ.

ಆದ್ದರಿಂದ ಡಿಸಿಯನ್ನು ತಡೆಯುವುದು ಪ್ಲಾಸ್ಟಿಕ್ ಹಾಳೆ ಅನ್ನುವುದಕ್ಕಿಂತ, ತುಂಬಿಕೊಂಡ ಚಾರ್ಜು ತಡೆಯುತ್ತದೆ ಎಂದರೆ ಸರಿ. ಹಾಳೆಯ ಕೆಲಸ ಆ ಚಾರ್ಜು ಸೋರಿಹೋಗದಂತೆ ಕಾಯುವುದು. ತಡೆ ಹುಟ್ಟಬೇಕಾದರೆ ಮೊದಲು ಸ್ವಲ್ಪ ಕರೆಂಟು ಹರಿದಿರಲೇಬೇಕು.

ಸೂತ್ರಧಾರ

ಒಪ್ಪಿದೆ, ಮೀಟರಿನ 10 ಮೆಗಾ ಓಮ್ ನನ್ನ ಗಮನಕ್ಕೆ ಬಂದಿರಲಿಲ್ಲ. ಆದರೆ ಸೂತ್ರ ತಪ್ಪೇನಲ್ಲವಲ್ಲ?

ಹಳೇ ರೇಡಿಯೋ

ಸೂತ್ರ ಸರಿಯಾಗಿಯೇ ಇದೆ. ಆದರೆ ಅದು ಬಹಳ ಹೊತ್ತಿನಿಂದ ಒಂದೇ ಸಮನೆ ನಡೆಯುತ್ತಿರುವ ಸೈನ್ ಅಲೆಗೆ ಮಾತ್ರ. ಸ್ವಿಚ್ ಹಾಕಿದ ಮೊದಲ ಅರ್ಧ ನಿಮಿಷದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬ್ಯಾಟರಿ ಜೋಡಿಸುವುದು ಎಂದರೆ 0ಯಿಂದ 9ಕ್ಕೆ ಜಿಗಿತ. ಅದು ಬದಲಾವಣೆಯೇ ಹೊರತು ನಿಂತ ಡಿಸಿ ಅಲ್ಲ.

ಇನ್ನು ಮೂರನೇ ಬೆಂಚು ಅವರ ಎರಡನೇ ಪ್ರಶ್ನೆ. ಅದೇ 1 ಮೈಕ್ರೋಫ್ಯಾರಡ್ ತೆಗೆದುಕೊಳ್ಳಿ. ಅದರ ಮೇಲೆ ಮೈನಸ್ 1ರಿಂದ ಪ್ಲಸ್ 1 ವೋಲ್ಟಿಗೆ ಓಡಾಡುವ ಅಲೆ ಕೊಡಿ. ಕೆಳಗಿನ ತುದಿಯಿಂದ ಮೇಲಿನ ತುದಿಗೆ 2 ವೋಲ್ಟ್ ವ್ಯತ್ಯಾಸ, ಅದಕ್ಕೆ ಪ್ಲೇಟಿಗೆ 2 ಮೈಕ್ರೋಕೂಲಂಬ್ ಸಾಗಿಸಬೇಕು. ಈ ಸಾಗಾಟ ಅರ್ಧ ಆವೃತ್ತಿಯೊಳಗೆ ಮುಗಿಯಬೇಕು.

50 ಹರ್ಟ್ಸ್ ಆದರೆ ಅರ್ಧ ಆವೃತ್ತಿಗೆ 10 ಮಿಲಿಸೆಕೆಂಡ್ ಸಿಗುತ್ತದೆ. 2 ಮೈಕ್ರೋಕೂಲಂಬನ್ನು 10 ಮಿಲಿಸೆಕೆಂಡಿನಲ್ಲಿ ಸಾಗಿಸಲು ಸರಾಸರಿ 0.2 ಮಿಲಿಆಂಪಿಯರ್ ಸಾಕು. 5000 ಹರ್ಟ್ಸ್‌ನಲ್ಲಿ ಸಿಗುವುದು 0.1 ಮಿಲಿಸೆಕೆಂಡ್. ಹೊರೆ ಅಷ್ಟೇ, ಸಮಯ ನೂರರಲ್ಲಿ ಒಂದು ಪಾಲು. ಆದ್ದರಿಂದ ಕರೆಂಟು 20 ಮಿಲಿಆಂಪಿಯರ್ ಬೇಕು. ವೋಲ್ಟೇಜ್ ಬದಲಾಗಿಲ್ಲ, ಕರೆಂಟು ನೂರು ಪಟ್ಟಾಯಿತು. ಹೊರಗಿನಿಂದ ನೋಡುವವರು ಇದನ್ನೇ "ತಡೆ ನೂರರಲ್ಲಿ ಒಂದಾಯಿತು" ಎನ್ನುತ್ತಾರೆ. ಒಳಗಿನ ಪ್ಲಾಸ್ಟಿಕ್ ಮೊದಲು ಹೇಗಿತ್ತೋ ಹಾಗೇ ಇದೆ.

ನಾನು ಹೇಳಿದ್ದು ಸರಾಸರಿ. ಸೈನ್ ಅಲೆ ಸೊನ್ನೆಯನ್ನು ದಾಟುವಾಗ ಅತಿ ಕಡಿದಾಗಿ ಏರುತ್ತದೆ, ಕರೆಂಟಿನ ತುದಿ ಅಲ್ಲಿ ಬರುತ್ತದೆ. 50 ಹರ್ಟ್ಸ್‌ನಲ್ಲಿ ಅದು 0.314 ಮಿಲಿಆಂಪಿಯರ್. 1 ವೋಲ್ಟನ್ನು ಅದರಿಂದ ಭಾಗಿಸಿದರೆ 3183 ಓಮ್. 5000 ಹರ್ಟ್ಸ್‌ನಲ್ಲಿ 31.8 ಓಮ್. ಸೂತ್ರದ 2π ಬಂದದ್ದು ಈ ಕಡಿದಾದ ಏರಿನಿಂದ.

ಈಗ ಫ್ರೀಕ್ವೆನ್ಸಿಯನ್ನು ಇಳಿಸುತ್ತಾ ಹೋಗಿ. ಅದೇ 2 ಮೈಕ್ರೋಕೂಲಂಬ್ ಸಾಗಿಸಲು ಒಂದು ನಿಮಿಷ, ಒಂದು ಗಂಟೆ, ಒಂದು ದಿನ. ಕರೆಂಟು ಕ್ಷೀಣಿಸುತ್ತಾ ಹೋಗುತ್ತದೆ. ಅರ್ಧ ಆವೃತ್ತಿ ಮುಗಿಯುವುದೇ ಇಲ್ಲ ಎಂದಾದರೆ ಅದೇ ನಿಂತ ಡಿಸಿ, ಅಲ್ಲಿ ಕರೆಂಟು ಸೊನ್ನೆ. ಹಾಗಾಗಿ ಕೆಪಾಸಿಟರಿಗೆ ಎಸಿ, ಡಿಸಿ ಎಂದು ಎರಡು ಕಾನೂನಿಲ್ಲ. ವೋಲ್ಟೇಜ್ ಎಷ್ಟು ವೇಗದಲ್ಲಿ ಬದಲಾಗುತ್ತಿದೆ ಅನ್ನುವುದೊಂದೇ ಅದಕ್ಕೆ ಗೊತ್ತು.

ಮೂರನೇ ಬೆಂಚು

"ಹೊರೆ ಅಷ್ಟೇ, ಸಮಯ ಕಡಿಮೆ." ಇದು ತಲೆಗೆ ಹೋಯಿತು. ತುಂಬಾ ಥ್ಯಾಂಕ್ಸ್.

ಸೂತ್ರಧಾರ

ಹಾಗಾದರೆ ಒಂದು ಲೆಕ್ಕ ಮುಂದುವರಿಸುತ್ತೇನೆ, ಹೊಸಬರಿಗೆ ಉಪಯೋಗವಾಗಲಿ. 1 ಮೈಕ್ರೋಫ್ಯಾರಡ್ ಜೊತೆ ಸಾಲಿನಲ್ಲಿ 1 ಕಿಲೋ ಓಮ್ ಹಾಕಿ, 160 ಹರ್ಟ್ಸ್ ಕೊಡಿ. Xc ಸುಮಾರು 995 ಓಮ್ ಬರುತ್ತದೆ, 1000 ಎಂದೇ ಇಟ್ಟುಕೊಳ್ಳಿ. ಒಟ್ಟು ತಡೆ 2000. ಆದ್ದರಿಂದ 0.5 ವೋಲ್ಟ್ ಕೊಟ್ಟರೆ ರೆಸಿಸ್ಟರ್ ಮೇಲೆ 0.25, ಕೆಪಾಸಿಟರ್ ಮೇಲೆ 0.25.

ಬೆಸುಗೆ ಕಡ್ಡಿ

ಹಾಗೆ ಬರುವುದಿಲ್ಲ ಸರ್. ಇದನ್ನು ಓದಿದ ಮೇಲೆ ಈಗಷ್ಟೇ ಕಟ್ಟಿ ನೋಡಿದೆ.

ಮೊಬೈಲಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ, ಹೆಡ್‌ಫೋನ್ ಜಾಕಿನಿಂದ ಸಿಗ್ನಲ್ ತೆಗೆದೆ. ಎಸಿ ರೇಂಜಿನಲ್ಲಿ ನೋಡಿಕೊಂಡು ಪ್ರತಿ ಸಲವೂ ಒಟ್ಟು 0.50 ವೋಲ್ಟ್ ಬರುವಂತೆ ವಾಲ್ಯೂಮ್ ಇಟ್ಟೆ. ರೆಸಿಸ್ಟರ್ ಮೇಲೆ ಸಿಕ್ಕಿದ್ದು: 50 ಹರ್ಟ್ಸ್‌ನಲ್ಲಿ 0.15, 100ರಲ್ಲಿ 0.26, 200ರಲ್ಲಿ 0.39, 400ರಲ್ಲಿ 0.46. ಫ್ರೀಕ್ವೆನ್ಸಿ ಏರಿದ ಹಾಗೆ ದಾಟುವುದು ಹೆಚ್ಚುವುದು ಕಣ್ಣಿಗೆ ಕಾಣುತ್ತದೆ.

160 ಹರ್ಟ್ಸ್‌ನಲ್ಲಿ ರೆಸಿಸ್ಟರ್ ಮೇಲೆ 0.35 ಬಂತು. ವೈರು ಬದಲಿಸಿ ಕೆಪಾಸಿಟರ್ ಮೇಲೆ ಅಳೆದೆ, ಅಲ್ಲೂ 0.35. ಎರಡನ್ನೂ ಕೂಡಿದರೆ 0.70, ಆದರೆ ನಾನು ಕೊಟ್ಟಿದ್ದು 0.50! ಮೂರು ಸಲ ಅಳೆದೆ, ಅದೇ ಬಂತು.

ಹಳೇ ರೇಡಿಯೋ

ಕಟ್ಟಿ ಅಳೆದದ್ದಕ್ಕೆ ತುಂಬಾ ಸಂತೋಷ. ಸೂತ್ರಧಾರ ಅವರೇ, Xc ಲೆಕ್ಕ ಸರಿಯಾಗಿದೆ, ಕೂಡಿದ ರೀತಿ ಸರಿಯಿಲ್ಲ.

ಮೇಲೆ ಹೇಳಿದೆನಲ್ಲ, ಕೆಪಾಸಿಟರಿನ ವೋಲ್ಟೇಜ್ ಸೊನ್ನೆ ದಾಟುವಾಗ ಕರೆಂಟು ತುದಿಯಲ್ಲಿರುತ್ತದೆ. ವೋಲ್ಟೇಜ್ ತುದಿಗೆ ಬಂದಾಗ ಒಂದು ಕ್ಷಣ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಆಗ ಕರೆಂಟು ಸೊನ್ನೆ. ರೆಸಿಸ್ಟರ್ ಹಾಗಲ್ಲ, ಕರೆಂಟು ತುದಿಯಲ್ಲಿದ್ದಾಗಲೇ ಅದರ ವೋಲ್ಟೇಜೂ ತುದಿಯಲ್ಲಿ. ಸಾಲಿನಲ್ಲಿ ಇಬ್ಬರಿಗೂ ಒಂದೇ ಕರೆಂಟು. ಆದ್ದರಿಂದ ರೆಸಿಸ್ಟರಿನ ವೋಲ್ಟೇಜ್ ತುದಿಗೇರಿದ ಹೊತ್ತಿಗೆ ಕೆಪಾಸಿಟರಿನದು ಸೊನ್ನೆಯಲ್ಲಿರುತ್ತದೆ, ಕಾಲು ಆವೃತ್ತಿ ಹಿಂದೆ. ಎರಡೂ ಒಟ್ಟಿಗೆ ತುದಿ ಮುಟ್ಟುವುದೇ ಇಲ್ಲ. ಯಾವುದೇ ಕ್ಷಣದಲ್ಲಿ ಎರಡನ್ನೂ ಕೂಡಿದರೆ ಸರಿಯಾಗಿ ಕೊಟ್ಟ ವೋಲ್ಟೇಜೇ ಬರುತ್ತದೆ, ಆದರೆ ಮೀಟರ್ ಕ್ಷಣವನ್ನು ತೋರಿಸುವುದಿಲ್ಲ, ಅಲೆಯ ಗಾತ್ರವನ್ನಷ್ಟೇ ತೋರಿಸುತ್ತದೆ.

ಗಾತ್ರಗಳನ್ನು ಕೂಡಬೇಕಾದರೆ ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ ಕೂಡಬೇಕು. 1000 ಮತ್ತು 1000ಕ್ಕೆ 1414, 2000 ಅಲ್ಲ. 0.5 ವೋಲ್ಟಿನ 0.707 ಪಾಲು 0.35. 50 ಹರ್ಟ್ಸ್‌ಗೂ ನೋಡಿ: 3183 ಮತ್ತು 1000 ಸೇರಿ 3336 ಓಮ್, ರೆಸಿಸ್ಟರ್ ಪಾಲಿಗೆ 0.15 ವೋಲ್ಟ್. ನೇರವಾಗಿ ಕೂಡಿದ್ದರೆ 0.12 ಬರಬೇಕಿತ್ತು.

ಈ ಕಾಲು ಆವೃತ್ತಿಯ ಅಂತರದಿಂದಲೇ ಇನ್ನೊಂದು ವಿಷಯವೂ ಬರುತ್ತದೆ. ಕೆಪಾಸಿಟರ್ ಕಾಲು ಆವೃತ್ತಿ ಶಕ್ತಿ ತೆಗೆದುಕೊಂಡು ಮುಂದಿನ ಕಾಲಿನಲ್ಲಿ ಹಿಂದಿರುಗಿಸುತ್ತದೆ. 1000 ಓಮ್ ರೆಸಿಸ್ಟರ್ ಬಿಸಿಯಾಗುತ್ತದೆ, 1000 ಓಮ್ "ತಡೆ" ತೋರಿಸುವ ಒಳ್ಳೆಯ ಕೆಪಾಸಿಟರ್ ಬಹುತೇಕ ತಣ್ಣಗೇ ಇರುತ್ತದೆ. ಹಾಗಾಗಿ ತಡೆ ಎಂಬ ಒಂದೇ ಪದವನ್ನು ಎರಡಕ್ಕೂ ಬಳಸುವಾಗ ಎಚ್ಚರ ಬೇಕು.

ಬೆಸುಗೆ ಕಡ್ಡಿ ಅವರಿಗೆ ಒಂದು ಮಾತು: 400 ಹರ್ಟ್ಸ್‌ಗೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಸಾಧಾರಣ ಮೀಟರುಗಳ ಎಸಿ ರೇಂಜ್ ಹೆಚ್ಚಿನ ಫ್ರೀಕ್ವೆನ್ಸಿಗೆ ನಂಬಿಕೆಗೆ ಅರ್ಹವಲ್ಲ. 5000 ಹರ್ಟ್ಸ್ ಕೊಟ್ಟು ಅಂಕಿ ಇಳಿದರೆ ಅದು ಸರ್ಕ್ಯೂಟಿನದೋ ಮೀಟರಿನದೋ ಗೊತ್ತಾಗುವುದಿಲ್ಲ. ಕೆಪಾಸಿಟರ್ ಇಲ್ಲದೆ ನೇರವಾಗಿ ಮೊಬೈಲ್ ಸಿಗ್ನಲ್ಲನ್ನೇ ಒಮ್ಮೆ ಅಳೆದು ನೋಡಿ, ಅಲ್ಲೂ ಇಳಿದರೆ ಮೀಟರಿನದೇ ಮಿತಿ ಇರಬೇಕು.

ಸೂತ್ರಧಾರ

ಸರಿ, ತಿದ್ದಿಕೊಂಡೆ. 0.70 ಅಂಕಿ ನೋಡದೇ ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ಮಂದ್ರ ಸ್ಥಾಯಿ

ನನ್ನದೊಂದು ಅನುಭವ ಇಲ್ಲಿಗೆ ಹೊಂದುತ್ತದೆ ಅನಿಸುತ್ತದೆ. ನನ್ನ ಹತ್ತಿರ 12 ವೋಲ್ಟ್ ಸಿಂಗಲ್ ಸಪ್ಲೈನ ಹಳೆಯ ಆಂಪ್ಲಿಫೈಯರ್ ಇದೆ. ಔಟ್‌ಪುಟ್ ಮತ್ತು 8 ಓಮ್ ಸ್ಪೀಕರ್ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇತ್ತು. ಅದು ಊದಿಕೊಂಡಿತ್ತು. ಕೈಗೆ ಸಿಕ್ಕಿದ್ದು 100ರದ್ದು, "ಡಿಸಿ ತಡೆಯಲು ಎಷ್ಟಾದರೇನು" ಎಂದು ಅದನ್ನೇ ಹಾಕಿದೆ. ಹಾಡು ಬಂತು, ಮಾತು ಸ್ಪಷ್ಟವಾಗಿ ಬಂತು. ಆದರೆ ಬೇಸ್ ಪೂರ್ತಿ ಹೋಯಿತು. ಸ್ಪೀಕರ್ ಕೆಟ್ಟಿದೆ ಎಂದುಕೊಂಡು ಬೇರೆ ಸ್ಪೀಕರ್ ಕೂಡ ಹಾಕಿ ನೋಡಿದೆ, ಅದೇ ಕಥೆ.

ಇನ್ನೊಂದು ಗಮನಿಸಿದ್ದೆ. ಮೊದಲು ಸ್ವಿಚ್ ಹಾಕಿದರೆ ಸ್ಪೀಕರಿನಿಂದ "ಧಡ್" ಎಂದು ಬರುತ್ತಿತ್ತು. 100ರದ್ದು ಹಾಕಿದ ಮೇಲೆ ಸಣ್ಣ "ಟಕ್" ಅಷ್ಟೇ. ಆಗ ಇದು ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ.

ಬೆಸುಗೆ ಕಡ್ಡಿ

ಅದು ಮೂರನೇ ಬೆಂಚು ಅವರ 9 ವೋಲ್ಟೇ ಅಲ್ಲವೇ! ಸಿಂಗಲ್ ಸಪ್ಲೈನಲ್ಲಿ ಔಟ್‌ಪುಟ್ ಮಧ್ಯದಲ್ಲಿ, 6 ವೋಲ್ಟಿನಲ್ಲಿ ನಿಂತಿರುತ್ತದೆ. ಸ್ವಿಚ್ ಹಾಕಿದಾಗ ಕೆಪಾಸಿಟರ್ ಆ 6 ವೋಲ್ಟಿಗೆ ತುಂಬಿಕೊಳ್ಳಬೇಕು, ಅದರ ಕರೆಂಟು ಸ್ಪೀಕರಿನ ಮೂಲಕವೇ ಹೋಗಬೇಕು. ಅದೇ ಧಡ್. 8 ಓಮ್ ಮತ್ತು 1000 ಮೈಕ್ರೋಫ್ಯಾರಡ್‌ಗೆ 8 ಮಿಲಿಸೆಕೆಂಡ್, 100ಕ್ಕೆ 0.8 ಮಿಲಿಸೆಕೆಂಡ್. ಹೊರೆ ಹತ್ತರಲ್ಲಿ ಒಂದಾಯಿತು, ಸದ್ದೂ ಸಣ್ಣದಾಯಿತು.

ಹಳೇ ರೇಡಿಯೋ

ಸರಿಯಾಗಿ ಹಿಡಿದಿರಿ. ಬೇಸ್ ಹೋದದ್ದಕ್ಕೂ ಕಾರಣ ಅದೇ ಎರಡು ಅಂಕಿ. Xc ಮತ್ತು 8 ಓಮ್ ಸಮನಾಗುವ ಫ್ರೀಕ್ವೆನ್ಸಿ ನೋಡಿ. 1000 ಮೈಕ್ರೋಫ್ಯಾರಡ್ ಇದ್ದಾಗ ಅದು ಸುಮಾರು 20 ಹರ್ಟ್ಸ್, ಕಿವಿಗೆ ಕೇಳುವ ಅಂಚಿನಲ್ಲಿ. 100 ಹಾಕಿದರೆ 199 ಹರ್ಟ್ಸ್. ಅಲ್ಲಿಗೇ ವೋಲ್ಟೇಜ್ 0.7 ಪಾಲು, 50 ಹರ್ಟ್ಸ್‌ಗೆ ಬಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಸ್ಪೀಕರ್ ನಿಜವಾಗಿ ಎಲ್ಲ ಫ್ರೀಕ್ವೆನ್ಸಿಗೂ 8 ಓಮ್ ಇರುವುದಿಲ್ಲ, ಆದ್ದರಿಂದ ಅಂಕಿ ಅಂದಾಜು. ಮಾತಿನ ಸ್ಪಷ್ಟತೆ ಇದಕ್ಕಿಂತ ಮೇಲಿನ ಫ್ರೀಕ್ವೆನ್ಸಿಗಳಲ್ಲಿದೆ, ಅದಕ್ಕೇ ಮಾತಿಗೆ ಏನೂ ಆಗಲಿಲ್ಲ.

ಕೆಪಾಸಿಟರೇ ಇಲ್ಲದೆ ನೇರ ಜೋಡಿಸಿದರೆ 6 ವೋಲ್ಟ್, 8 ಓಮ್, ಅಂದರೆ 0.75 ಆಂಪಿಯರ್ ಡಿಸಿ ಸುಮ್ಮನೆ ಸುರುಳಿಯಲ್ಲಿ ಹರಿಯುತ್ತಿರುತ್ತದೆ. ಕೋನ್ ಒಂದು ಕಡೆಗೆ ತಳ್ಳಿಕೊಂಡು ನಿಂತು ಸುರುಳಿ ಬಿಸಿಯಾಗುತ್ತದೆ. ಆ ಪ್ರಯೋಗ ಮಾತ್ರ ಬೇಡ.

ತಂತಿ ಬೇಲಿ

ಮೊದಲು ಲೀಕ್ ಎಂದು ಬರೆದದ್ದು ನಾನೇ. ಹಿಂತೆಗೆದುಕೊಳ್ಳುತ್ತೇನೆ. ಆದರೆ ನನ್ನ ಹತ್ತಿರ ನಿಜವಾಗಿಯೂ ಸಂಶಯದ ಒಂದು ಎಲೆಕ್ಟ್ರೋಲಿಟಿಕ್ ಇದೆ, ಅದೂ 1 ಮೈಕ್ರೋಫ್ಯಾರಡ್. ಇದೇ ಬ್ಯಾಟರಿ ಪ್ರಯೋಗ ಮಾಡಿದೆ. ಇಳಿಯುತ್ತಾ ಬಂದು 0.6 ವೋಲ್ಟಿನಲ್ಲಿ ನಿಂತುಬಿಟ್ಟಿತು. ಐದು ನಿಮಿಷ ಕಾದೆ. ಪ್ಲಸ್ ಕಾಲು ಬ್ಯಾಟರಿಯ ಪ್ಲಸ್ ಕಡೆಗೇ ಇದೆ. ಇದನ್ನು ಲೀಕ್ ಎನ್ನಬಹುದೇ?

ಹಳೇ ರೇಡಿಯೋ

ಇದು ಲೀಕೇಜೇ. ಇಳಿದು ಸೊನ್ನೆಗೆ ಹೋಗುವುದು ತುಂಬಿಕೊಳ್ಳುವ ಕರೆಂಟು, ಇಳಿದು ನಿಲ್ಲುವುದು ಸೋರುವ ಕರೆಂಟು. 0.6 ವೋಲ್ಟನ್ನು 10 ಮೆಗಾ ಓಮ್‌ನಿಂದ ಭಾಗಿಸಿ, 0.06 ಮೈಕ್ರೋಆಂಪಿಯರ್. ಕೆಪಾಸಿಟರ್ ಮೇಲೆ ಉಳಿದದ್ದು 8.4 ವೋಲ್ಟ್. ಅಂದರೆ ಅದು 140 ಮೆಗಾ ಓಮ್‌ನ ರೆಸಿಸ್ಟರಿನಂತೆ ಸೋರುತ್ತಿದೆ.

ಆದರೆ ಇದರಿಂದ ಕೆಟ್ಟಿದೆ ಎಂದು ಹೇಳಲಾಗದು. ಎಲೆಕ್ಟ್ರೋಲಿಟಿಕ್‌ನ ಒಳಗಿನ ತಡೆಗೋಡೆ ಅಲ್ಯೂಮಿನಿಯಂ ಮೇಲಿನ ತೆಳುವಾದ ಆಕ್ಸೈಡ್ ಪದರ. ಅದು ಫಿಲ್ಮಿಗಿಂತ ಹೆಚ್ಚು ಸೋರುವುದು ಸಹಜ. ಬಹಳ ದಿನ ಸುಮ್ಮನೆ ಬಿದ್ದಿದ್ದರೆ ಪದರ ಕ್ಷೀಣಿಸಿರುತ್ತದೆ, ವೋಲ್ಟೇಜ್ ಕೊಟ್ಟಿಟ್ಟರೆ ನಿಧಾನವಾಗಿ ಸುಧಾರಿಸುತ್ತದೆ. ಒಂದು ಗಂಟೆ ಹಾಗೇ ಬಿಟ್ಟು ನೋಡಿ.

ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ಮುಂದೆ 10 ಕಿಲೋ ಓಮ್ ಇದ್ದರೆ ಈ ಸೋರಿಕೆ 0.6 ಮಿಲಿವೋಲ್ಟ್, ಯಾರಿಗೂ ತಿಳಿಯದು. ಮುಂದೆ 1 ಮೆಗಾ ಓಮ್ ಇದ್ದರೆ 60 ಮಿಲಿವೋಲ್ಟ್ ಹತ್ತಿರ ಡಿಸಿ ಸೇರಿಕೊಳ್ಳುತ್ತದೆ, ಮುಂದಿನ ಹಂತದ ಬಯಾಸ್ ಕದಲಬಹುದು.

ಮೂರನೇ ಬೆಂಚು

ಕೊನೆಯದೊಂದು ಕೇಳಲೇ? ಫ್ರೀಕ್ವೆನ್ಸಿ ಏರಿಸುತ್ತಲೇ ಹೋದರೆ ತಡೆ ಸೊನ್ನೆಗೆ ಇಳಿಯುತ್ತಾ?

ಹಳೇ ರೇಡಿಯೋ

ಸೂತ್ರದಲ್ಲಿ ಇಳಿಯುತ್ತಲೇ ಹೋಗುತ್ತದೆ, ಕೈಯಲ್ಲಿರುವ ಕೆಪಾಸಿಟರಿನಲ್ಲಿ ಇಲ್ಲ. ಅದರ ಕಾಲುಗಳೂ ತಂತಿಯೇ, ತಂತಿಗೆ ಇಂಡಕ್ಟೆನ್ಸ್ ಇದೆ. ಮಿಲಿಮೀಟರಿಗೆ ಸುಮಾರು 1 ನ್ಯಾನೋಹೆನ್ರಿ ಎಂದು ಅಂದಾಜು ಹಿಡಿಯುತ್ತೇವೆ. ಎರಡೂ ಕಾಲು ಸೇರಿ 10 ಮಿಲಿಮೀಟರ್ ಉಳಿಸಿದರೆ 10 ನ್ಯಾನೋಹೆನ್ರಿ. ನಿಮ್ಮ 1 ಮೈಕ್ರೋಫ್ಯಾರಡ್‌ಗೆ ಅದು ಸುಮಾರು 1.6 ಮೆಗಾಹರ್ಟ್ಸ್‌ನಲ್ಲಿ ಸರಿಸಮ ಆಗುತ್ತದೆ. ಅಲ್ಲಿ ತಡೆ ಅತಿ ಕಡಿಮೆ, ಲೋಹದ ಪದರ ಮತ್ತು ಕಾಲುಗಳ ಚೂರು ರೆಸಿಸ್ಟೆನ್ಸ್ ಮಾತ್ರ ಉಳಿಯುತ್ತದೆ. ಅದರಾಚೆ ತಡೆ ಮತ್ತೆ ಏರತೊಡಗುತ್ತದೆ, ಅಲ್ಲಿ ಕೆಪಾಸಿಟರ್ ಸುರುಳಿಯಂತೆ ವರ್ತಿಸುತ್ತದೆ. ಕಾಲುಗಳನ್ನು ತಲಾ 20 ಮಿಲಿಮೀಟರ್ ಬಿಟ್ಟರೆ ಈ ತಿರುವು 0.8 ಮೆಗಾಹರ್ಟ್ಸ್‌ಗೇ ಬರುತ್ತದೆ.

ಬೆಸುಗೆ ಕಡ್ಡಿ

ಹಾಗಾದರೆ 1 ಮೈಕ್ರೋಫ್ಯಾರಡ್ ಪಕ್ಕ 0.01ರ ಚಿಕ್ಕದನ್ನು ಸಮಾಂತರವಾಗಿ ಹಾಕುವುದು ಇದಕ್ಕೇ ಇರಬೇಕು. ಆದರೆ ದೊಡ್ಡದರ ಇಂಡಕ್ಟೆನ್ಸೂ ಚಿಕ್ಕದರ ಕೆಪಾಸಿಟೆನ್ಸೂ ಸೇರಿ ನಡುವೆ ಎಲ್ಲೋ ತಡೆ ಏರಿಬಿಡುತ್ತದೆ ಎಂದೂ ಕೆಲವರು ವಾದಿಸುತ್ತಾರೆ.

ಹಳೇ ರೇಡಿಯೋ

ಏರುತ್ತದೆ, ಅದು ನಿಜ. ತೊಂದರೆ ಕೊಡುವಷ್ಟು ಏರುತ್ತದೆಯೇ ಅನ್ನುವುದು ಆ ಎರಡು ಕೆಪಾಸಿಟರುಗಳ ಒಳ ರೆಸಿಸ್ಟೆನ್ಸ್ ಮೇಲೆ, ಬೋರ್ಡಿನ ಮೇಲೆ ಅವನ್ನು ಎಲ್ಲಿ ಕೂರಿಸಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ನಾನಂತೂ ಅಳೆಯದೆ ಒಂದು ಕಡೆ ನಿಲ್ಲುವುದಿಲ್ಲ. ಬೇರೆ ಎಳೆ ಶುರು ಮಾಡಿ, ಬರುತ್ತೇನೆ.

ತಂತಿ ಬೇಲಿ

ಒಂದು ಗಂಟೆ ಆಯಿತು. 0.6 ಇದ್ದದ್ದು 0.31ಕ್ಕೆ ಬಂದಿದೆ, ಇನ್ನೂ ಇಳಿಯುತ್ತಿದೆ. ರಾತ್ರಿಯಿಡೀ ಹಾಗೇ ಬಿಟ್ಟು ಬೆಳಗ್ಗೆ ಬರೆಯುತ್ತೇನೆ.